ವಿಮಾನ ರದ್ದಾದರೆ ಆಯ್ಕೆ ನಿಮ್ಮದು

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ದೇಶದಾದ್ಯಂತ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಪೈಲಟ್‌ಗಳ ಕೆಲಸದ ಅವಧಿ ಕುರಿತ ಹೊಸ ನಿಯಮಕ್ಕೆ ಕಂಪನಿ ಸಜ್ಜಾಗಿರಲಿಲ್ಲ. ಬೆಂಗಳೂರಿನಲ್ಲೂ ಜನ ಸೂಟ್‌ಕೇಸ್ ತಲೆದಿಂಬು ಮಾಡಿಕೊಂಡು ರಾತ್ರಿ ಕಳೆದರು. ಮೊಬೈಲಿನಲ್ಲಿ ‘ರೀಫಂಡ್’ ಗುಂಡಿ ಕಂಡದ್ದೇ ತಡ, ಹೋದಷ್ಟಾದರೂ ಬರಲಿ ಎಂದು ಅನೇಕರು ಒತ್ತಿದರು. ದುಡ್ಡೇನೋ ಬರುವಂತಾಯಿತು. ಆದರೆ ಬೇರೆ ಕಂಪನಿಗಳ ಟಿಕೆಟ್ ದರ ಅಷ್ಟರಲ್ಲಿ ಗಗನಕ್ಕೇರಿತ್ತು. ಕೊನೆಗೆ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು.

ಆ ಗುಂಡಿ ಒತ್ತುವ ಮುನ್ನ ತಿಳಿದಿರಬೇಕಾದ ಸಂಗತಿ ಒಂದಿದೆ. ವಿಮಾನ ರದ್ದಾದರೆ ಕಂಪನಿ ಪೂರ್ತಿ ಹಣ ವಾಪಸು ಕೊಡಬೇಕು, ಇಲ್ಲವೇ ಬದಲಿ ವಿಮಾನದಲ್ಲಿ ಕಳಿಸಬೇಕು. ಎರಡರಲ್ಲಿ ಯಾವುದು ಎಂದು ಹೇಳುವವರು ಪ್ರಯಾಣಿಕರು, ಕಂಪನಿಯಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2010ರಲ್ಲೇ ಈ ನಿಯಮಾವಳಿ ತಂದಿದೆ. ಹಣ ಬೇಕು ಎಂದಿರೋ, ನಿಮ್ಮನ್ನು ಊರು ಮುಟ್ಟಿಸುವ ಹೊಣೆ ಅಲ್ಲಿಗೆ ಮುಗಿಯಿತು. ಹೋಗಲೇಬೇಕಾದ ಮದುವೆಯೋ ಪರೀಕ್ಷೆಯೋ ಇದ್ದರೆ ಮೊದಲು ಬೇರೆ ಟಿಕೆಟ್ ಎಷ್ಟಕ್ಕೆ ಸಿಗುತ್ತದೆ ನೋಡಿ, ಆಮೇಲೆ ನಿರ್ಧರಿಸಿ.

ಇದರ ಜೊತೆಗೆ ಪರಿಹಾರ ಎಂಬುದು ಬೇರೆಯೇ ಇದೆ. ಒಂದು ಲೆಕ್ಕ ಹಾಕೋಣ. ಬೆಂಗಳೂರಿನಿಂದ ದೆಹಲಿಗೆ 6,200 ರೂಪಾಯಿಯ ಟಿಕೆಟ್. ಅದರಲ್ಲಿ ಮೂಲ ದರ ಮತ್ತು ಇಂಧನ ಶುಲ್ಕ 5,100, ಉಳಿದದ್ದು ತೆರಿಗೆ ಮತ್ತು ನಿಲ್ದಾಣದ ಶುಲ್ಕ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 9ರ ವಿಮಾನ ರದ್ದು ಎಂಬ ಸಂದೇಶ ಹಿಂದಿನ ರಾತ್ರಿ 11ಕ್ಕೆ ಬಂತು, ಕಾರಣ ಸಿಬ್ಬಂದಿ ಇಲ್ಲ. 24 ಗಂಟೆಗೂ ಮೊದಲು ತಿಳಿಸಿಲ್ಲವಾದ್ದರಿಂದ ಪರಿಹಾರ ಕೊಡಬೇಕು. ಎರಡು ಗಂಟೆಗಿಂತ ಹೆಚ್ಚಿನ ಹಾರಾಟಕ್ಕೆ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಇಲ್ಲಿ ಅದು 5,100. ರೀಫಂಡ್ ಕೇಳಿದ್ದರೆ ಒಟ್ಟು 11,300 ಕೈಗೆ ಬರಬೇಕು. ‘ಹತ್ತು ಸಾವಿರ ಪರಿಹಾರ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಂದೇಶ ಆ ‘ಕಡಿಮೆ ಯಾವುದೋ ಅದು’ ಎಂಬ ಮಾತನ್ನು ನುಂಗಿಬಿಡುತ್ತದೆ.

ರದ್ದಾದದ್ದು ಬಿರುಗಾಳಿ, ಪ್ರವಾಹ, ಗಲಭೆ ಅಥವಾ ಸರ್ಕಾರದ ಆದೇಶದಿಂದ ಎಂದಾದರೆ ಪರಿಹಾರವಿಲ್ಲ. ಆದರೆ ರೀಫಂಡ್ ಅಥವಾ ಬದಲಿ ವಿಮಾನದ ಹಕ್ಕು ಆಗಲೂ ಹೋಗುವುದಿಲ್ಲ. ಕೌಂಟರಿನವರು ‘ಹವಾಮಾನ ಸರ್’ ಎಂದು ಎರಡನ್ನೂ ಒಟ್ಟಿಗೆ ತಳ್ಳಿಹಾಕಿದರೆ ನಂಬಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಅದೇ ಹೊತ್ತಿಗೆ ಅದೇ ಊರಿಗೆ ಬೇರೆ ವಿಮಾನಗಳು ಹಾರಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.

ಪರಿಹಾರ ತಪ್ಪಿಹೋಗುವ ಇನ್ನೊಂದು ದಾರಿ ನಮ್ಮಿಂದಲೇ ತೆರೆಯುತ್ತದೆ. ಏಜೆಂಟರು ಟಿಕೆಟ್ ಮಾಡುವಾಗ ಎಷ್ಟೋ ಸಲ ತಮ್ಮದೇ ಮೊಬೈಲ್ ನಂಬರ್ ಹಾಕಿರುತ್ತಾರೆ. ಸಂದೇಶ ಅವರಿಗೆ ಹೋಗುತ್ತದೆ, ನೀವು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೀರಿ. ಸರಿಯಾದ ಸಂಪರ್ಕ ವಿವರ ಕೊಡದವರಿಗೆ ಪರಿಹಾರವಿಲ್ಲ ಎಂದು ನಿಯಮವೇ ಹೇಳುತ್ತದೆ. ಟಿಕೆಟ್ ಕೈಗೆ ಬಂದ ದಿನವೇ ಪಿಎನ್‌ಆರ್ ಹಾಕಿ ನಿಮ್ಮ ನಂಬರ್ ಇದೆಯೇ ನೋಡುವುದು ಎರಡು ನಿಮಿಷದ ಕೆಲಸ.

ಈಗ ರದ್ದು ಮಾಡದೆ ಹೊತ್ತು ಮಾತ್ರ ಬದಲಿಸುವ ವಿಚಾರ. ಬೆಳಿಗ್ಗೆ 9ರದ್ದು ಸಂಜೆ 5ಕ್ಕೆ ಹೋದರೆ ಅದು ಬರೀ ‘ಸಮಯ ಬದಲಾವಣೆ’ ಅಲ್ಲ. ದೇಶದೊಳಗಿನ ಹಾರಾಟ 6 ಗಂಟೆಗೂ ಮೀರಿ ತಡವಾದರೆ, 6 ಗಂಟೆಯೊಳಗೆ ಹೊರಡುವ ಬದಲಿ ವಿಮಾನ ಅಥವಾ ಪೂರ್ತಿ ರೀಫಂಡ್ ಕೇಳುವ ಹಕ್ಕಿದೆ. ಸಂದೇಶದ ಕೊಂಡಿ ತೆರೆದು ‘ಒಪ್ಪಿಗೆ’ ಒತ್ತಿದ ಮೇಲೆ ವಾದ ಕಷ್ಟವಾಗುತ್ತದೆ. ಹೊಸ ಹೊತ್ತು ಹೊಂದದಿದ್ದರೆ ಒತ್ತಲೇಬೇಡಿ. ಮುಂದಿನ ವಿಮಾನವನ್ನು ಬೇರೆ ಟಿಕೆಟ್ಟಿನಲ್ಲಿ ಮಾಡಿಸಿದ್ದರೆ ಅದು ತಪ್ಪಿದ ನಷ್ಟ ಬಹುಮಟ್ಟಿಗೆ ನಿಮ್ಮ ತಲೆಗೇ ಬರುತ್ತದೆ.

ಹಣ ಕೊಡುವ ಬದಲು ‘ಕ್ರೆಡಿಟ್ ಶೆಲ್’, ಅಂದರೆ ಮುಂದಿನ ಪ್ರಯಾಣಕ್ಕೆ ಬಳಸುವ ಜಮೆ, ಅಂಟಿಸುವುದೂ ಉಂಟು. ಅದು ಪ್ರಯಾಣಿಕರು ಒಪ್ಪಿದರೆ ಮಾತ್ರ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 7 ದಿನದೊಳಗೆ ಹಣ ಮರಳಬೇಕು. ಏಜೆಂಟರ ಮೂಲಕ ಕೊಂಡಿದ್ದರೂ ಹೊಣೆ ವಿಮಾನ ಕಂಪನಿಯದೇ. ಅವರನ್ನು ಕೇಳಿ ಇವರನ್ನು ಕೇಳಿ ಎಂದು ಓಡಾಡಿಸುವಂತಿಲ್ಲ.

ಕಂಪನಿ ಕಿವಿಗೊಡದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಅಥವಾ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ಧಾರವಾಡದವರು ಧಾರವಾಡದಲ್ಲೇ ದೂರು ಹೂಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ.