‘ಬ್ಲಾಕ್ ಆಗಿದೆ’ ಅಂದರೆ ‘ಬ್ಲಾಕ್ ಮಾಡಲೇ?’ ಎನ್ನುವುದೇಕೆ?

ಪ್ರಶ್ನೆ: ಬ್ಯಾಂಕಿನ ಚಾಟ್‌ಬಾಟ್‌ಗೆ ‘ಕಾರ್ಡ್ ಬ್ಲಾಕ್ ಆಗಿದೆ’ ಎಂದು ಬರೆದರೆ ‘ಬ್ಲಾಕ್ ಮಾಡಲೇ?’ ಎಂದು ಕೇಳಿತು. ಕನ್ನಡ ಬಲ್ಲ ಯಂತ್ರಕ್ಕೆ ಇಷ್ಟೂ ತಿಳಿಯದೇ?

ಉತ್ತರ: ತಪ್ಪು ಬಹುಮಟ್ಟಿಗೆ ಅದಕ್ಕೆ ಕಲಿಸಿದ ಮಾದರಿ ವಾಕ್ಯಗಳದ್ದು. ಚಾಟ್‌ಬಾಟ್ ರೂಪಿಸುವ ನಾವು ಗ್ರಾಹಕರ ಒಂದೊಂದು ಉದ್ದೇಶಕ್ಕೂ ಹತ್ತಾರು ವಾಕ್ಯ ಬರೆದುಕೊಡುತ್ತೇವೆ. ಅವನ್ನು ಇಂಗ್ಲಿಷಿನಿಂದ ಅನುವಾದಿಸಿದರೆ ‘ನನ್ನ ಕಾರ್ಡನ್ನು ನಿರ್ಬಂಧಿಸಿ’ ಎಂಬಂಥ, ಯಾರೂ ಆಡದ ಮಾತು ಸೇರುತ್ತದೆ. ಜನ ಬರೆಯುವುದು ‘ಕಾರ್ಡ್ ಕಳೆದೋಯ್ತು’ ಎಂದು, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ `card block agide` ಎಂದು. ‘ಮಾಡಿ’ ಮತ್ತು ‘ಆಗಿದೆ’ ಎರಡನ್ನೂ ಬೇರೆಬೇರೆ ಉದ್ದೇಶಗಳಲ್ಲಿ ಕಲಿಸದಿದ್ದರೆ ಯಂತ್ರ ‘ಬ್ಲಾಕ್’ ಅನ್ನಷ್ಟೇ ಹಿಡಿಯುತ್ತದೆ. ಹಿಂದಿಯ ‘ಕರ್ ದೋ’, ‘ಹೋ ಗಯಾ’ಗಳದೂ ಇದೇ ಕಥೆ.

ಯಂತ್ರ ಕೊಡಬೇಕಾದ ಉತ್ತರ ಬರೆಯುವಾಗ ತೊಡಕು ಬೇರೆ. ಇಂಗ್ಲಿಷಿಗೆ ಒಂದೇ ‘ಯು’ ಸಾಕು. ಕನ್ನಡದಲ್ಲಿ ‘ನೀವು’, ‘ತಿಳಿಸಿ’ ಎಂದರೆ ಗೌರವ ಉಳಿಯುತ್ತದೆ. ಹಿಂದಿಯಲ್ಲಿ ‘ಆಪ್’ ಸಾಲದು: ‘ಚಾಹತೇ ಹೈಂ’ ಎಂದರೆ ಗಂಡಸು, ‘ಚಾಹತೀ ಹೈಂ’ ಎಂದರೆ ಹೆಂಗಸು. ಬರೆದವರು ಯಾರೋ ತಿಳಿಯದು, ಹಾಗಾಗಿ ‘ಆಪ್‌ಕೋ ಕ್ಯಾ ಚಾಹಿಯೇ’ ಎಂದು ತಿರುಗಿಸುವುದು ಕ್ಷೇಮ.

ಅರ್ಥವಾಗದಾಗ ಬರೀ ‘ಮತ್ತೊಮ್ಮೆ ಹೇಳಿ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಕಾರ್ಡ್ ಕಳೆದವರಿಗೆ ನಿಮಿಷವೂ ದೊಡ್ಡದು. ನಿಮ್ಮ ಸಂದೇಶಕ್ಕೆ ಹೀಗೆ ಬರೆಯುತ್ತಿದ್ದೆ: ‘ಕ್ಷಮಿಸಿ, ಸರಿಯಾಗಿ ತಿಳಿಯಲಿಲ್ಲ. ಕಾರ್ಡ್ ಬ್ಲಾಕ್ ಮಾಡಬೇಕೇ, ಬ್ಲಾಕ್ ಆಗಿರುವುದನ್ನು ತೆಗೆಸಬೇಕೇ?’ ಎರಡನೇ ಸಲವೂ ತಿಳಿಯದಿದ್ದರೆ ಸಿಬ್ಬಂದಿಗೆ ವರ್ಗಾಯಿಸಬೇಕು, ಅದುವರೆಗಿನ ಮಾತುಕತೆಯ ಸಮೇತ.