ಮೋಡದೊಳಗಿನ ಮಡಿಕೇರಿ

ಜುಲೈ ತಿಂಗಳಲ್ಲಿ ಮಡಿಕೇರಿಯ ರಾಜಾಸೀಟಿಗೆ ಹೋದರೆ ಎದುರಿನ ಕಣಿವೆಯೇ ಕಾಣದ ದಿನಗಳು ಬಹಳ. ಇನ್ನೇನು ಮಂಜು ಸರಿಯಬಹುದೆಂದು ಜನ ಕಾಯುತ್ತಾರೆ. ಚಳಿಗಾಲದ ಮಂಜಾದರೆ ಕಾದದ್ದಕ್ಕೆ ಫಲವಿದೆ. ಅದು ರಾತ್ರಿ ಕಣಿವೆಯಲ್ಲಿ ಕಟ್ಟಿಕೊಂಡು ಬಿಸಿಲೇರಿದಂತೆ ಕರಗುತ್ತದೆ. ಮಳೆಗಾಲದ್ದು ಹಾಗಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತುತ್ತ ತಣಿದು ಮೋಡವಾಗುತ್ತದೆ. ಸಾವಿರ ಮೀಟರಿಗೂ ಎತ್ತರದಲ್ಲಿರುವ ಊರು ಆ ಮೋಡದೊಳಗೇ ಕೂತಿರುತ್ತದೆ. ಗಾಳಿ ಬೀಸುವಷ್ಟು ಹೊತ್ತೂ ಒಂದು ಮೋಡದ ಹಿಂದೆ ಇನ್ನೊಂದು ಬರುತ್ತಲೇ ಇರುತ್ತದೆ.

ಹಾಗಾಗಿ ಈ ಕಾಲದಲ್ಲಿ ಎತ್ತರದಿಂದ ದೂರ ನೋಡುವ ಆಸೆ ಬಿಡಬೇಕು. ಮಾಂದಲಪಟ್ಟಿಗೆ ಜೀಪು ಹೋದರೂ ಕಾಣುವುದು ಬಿಳುಪು ಮಾತ್ರ. ಮಳೆ ಜೋರಾದರೆ ಅದೂ ನಿಲ್ಲುತ್ತದೆ. ತಡಿಯಂಡಮೋಳ್‌ನಂಥ ಚಾರಣದ ದಾರಿಗಳನ್ನು ಮುಚ್ಚುವುದುಂಟು; ತೆರೆದಿದ್ದರೂ ಜಿಗಣೆ ಕಾದಿರುತ್ತವೆ. ಕಾವೇರಿ ಉಕ್ಕಿದರೆ ದುಬಾರೆ ಆನೆ ಶಿಬಿರಕ್ಕೆ ದೋಣಿ ಬಿಡುವುದಿಲ್ಲ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮವೇ ಮುಳುಗುತ್ತದೆ.

ಹತ್ತಿರದಿಂದ ನೋಡುವಂಥವು ಮಾತ್ರ ಈಗಲೇ ಚೆನ್ನ. ಬೇಸಿಗೆಯಲ್ಲಿ ಬಡವಾಗುವ ಅಬ್ಬಿ ಜಲಪಾತ ಈಗ ಬಂಡೆ ಕಾಣದಂತೆ ಧುಮುಕುತ್ತದೆ. ನಿಂತಲ್ಲಿಂದ ಅದು ಸಮೀಪವೇ ಇರುವುದರಿಂದ ಮಂಜು ಅಷ್ಟಾಗಿ ಅಡ್ಡಬರುವುದಿಲ್ಲ. ಆದರೆ ಮೆಟ್ಟಿಲು ಜಾರುತ್ತದೆ. ರಾಜರ ಗದ್ದಿಗೆಯ ಗುಮ್ಮಟಗಳನ್ನೂ 1820ರ ಓಂಕಾರೇಶ್ವರ ದೇವಸ್ಥಾನವನ್ನೂ ಜನಸಂದಣಿಯಿಲ್ಲದೆ ನೋಡಬಹುದು. ಊರಿಂದ ಕೆಳಗಿಳಿದರೆ ಗದ್ದೆಗಳಲ್ಲಿ ನಾಟಿ ನಡೆದಿರುತ್ತದೆ.

ಊಟಕ್ಕೂ ಇದೇ ಕಾಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಕೊಡವರ ಮನೆಗಳಲ್ಲಿ ಕಣಿಲೆ, ಅಣಬೆ, ಏಡಿಯ ಸಾರು ಮಾಡುತ್ತಾರೆ. ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟರಂದು ಮದ್ದುಸೊಪ್ಪು ಬೇಯಿಸಿದ ನೀರಿನಿಂದ ಕಡುನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ತಿಂದ ಮೇಲೆ ಮೂತ್ರ ಕೆಂಪಾದರೆ ಗಾಬರಿ ಬೇಡ. ಅದು ಸೊಪ್ಪಿನ ಬಣ್ಣ. ಹೋಟೆಲಿಗಿಂತ ಹೋಂಸ್ಟೇಯಲ್ಲಿ ಇಂಥ ಅಡುಗೆ ಸಿಗುವ ಸಂಭವ ಹೆಚ್ಚು. ಕೋಣೆ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ.

ಮಂಜು ಬೇರೆ, ಅಪಾಯದ ಮಳೆ ಬೇರೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳೇ ಕುಸಿದು ಸಂಪಾಜೆ ಕಡೆಯ ರಸ್ತೆ ಕಡಿದುಹೋಗಿತ್ತು. ಹವಾಮಾನ ಇಲಾಖೆ ಕೊಡಗಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಪ್ರಯಾಣ ಮುಂದೂಡಿ. ಘಟ್ಟದ ರಸ್ತೆಯನ್ನು ಹಗಲಲ್ಲೇ ದಾಟಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಕಣ್ಣಿಗೇ ಹೊಡೆಯುತ್ತದೆ, ಲೋಬೀಮಿನಲ್ಲೇ ನಿಧಾನ ಸಾಗಿ. ಮಳೆ ಸಾಕೆನಿಸಿದರೆ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಹೋಗಿ. ಘಟ್ಟದ ಮರೆಯಲ್ಲಿರುವ ಅಲ್ಲಿ ಮಳೆ ಕಡಿಮೆ. ಪಕ್ಕದ ಬೈಲಕುಪ್ಪೆಯ ಟಿಬೆಟನ್ ದೇವಾಲಯವನ್ನು ಒಳಗೇ ಕೂತು ನೋಡಬಹುದು.

ಒಂದೇ ದಿನದಲ್ಲಿ ಐದು ಜಾಗ ಮುಗಿಸಬೇಕೆನ್ನುವವರು, ಓಡಾಡಲೇಬೇಕೆನ್ನುವ ಪುಟ್ಟ ಮಕ್ಕಳಿರುವವರು, ಥಂಡಿಗೆ ಉಬ್ಬಸ ಕೆರಳುವವರು ಅಕ್ಟೋಬರ್ ಕಳೆದ ಮೇಲೆ ಹೋಗುವುದು ಒಳ್ಳೆಯದು. ಒಂದೇ ಮನೆಯಲ್ಲಿ ಎರಡು ಮೂರು ದಿನ ಉಳಿದು, ಮಳೆ ಬಿಟ್ಟಾಗ ತೋಟದಲ್ಲಿ ಅಡ್ಡಾಡಿ, ಸುರಿದಾಗ ಪುಸ್ತಕ ಹಿಡಿದು ಕೂರಬಲ್ಲವರಿಗೆ ಜುಲೈಯೇ ಸರಿ. ಅವರು ಒಂದೆರಡು ಜೊತೆ ಬಟ್ಟೆ ಹೆಚ್ಚೇ ಒಯ್ಯಲಿ, ಅಲ್ಲಿ ಒಗೆದದ್ದು ಒಣಗುವುದಿಲ್ಲ.