ಬೆಂಕಿಪೊಟ್ಟಣ ಇಲ್ಲದ ಅಡುಗೆಮನೆ

1520ರ ವಿಜಯನಗರ. ಗಂಡ ಕಾಲಾಳು, ಬೆಳಗಾಗೋದ್ರೊಳಗೆ ರಾಯಚೂರಿನ ಯುದ್ಧಕ್ಕೆ ಹೊರಡಬೇಕು. ಹೆಂಡತಿ ಬುತ್ತಿ ಕಟ್ಟಬೇಕು. ಈ ದೃಶ್ಯ ಬರೆಯೋಕೆ ಕೂತವರ ಮೊದಲ ಡ್ರಾಫ್ಟಲ್ಲಿ ಸಾಮಾನ್ಯವಾಗಿ ಅವಳು "ಐದು ನಿಮಿಷ, ರೊಟ್ಟಿ, ಶೇಂಗಾ ಚಟ್ನಿ ಆಯ್ತು" ಅಂತಾಳೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದ ಬೆಳೆಗಳು. ಪೋರ್ಚುಗೀಸರು ಗೋವಾ ಹಿಡಿದಿದ್ದೇ 1510ರಲ್ಲಿ. ಹತ್ತು ವರ್ಷದಲ್ಲಿ ಅವು ಹಂಪಿಯ ಕಾಲಾಳಿನ ಮನೆಯ ದಿನನಿತ್ಯದ ಚಟ್ನಿಗೆ ಇಳಿದಿದ್ವು ಅಂದ್ರೆ ನಂಬೋದು ಕಷ್ಟ.

ಇದು ಗೊತ್ತಾದ ಮೇಲೆ ಬರೋ ಎರಡನೇ ಡ್ರಾಫ್ಟ್ ಇನ್ನೂ ಕೆಟ್ಟದಾಗಿರುತ್ತೆ. "ಪ್ರಿಯೆ, ಒಂದು ಗಳಿಗೆ, ಅಂದರೆ 24 ನಿಮಿಷ, ಕಾಯುತ್ತೇನೆ" ಅಂತಾನೆ ಗಂಡ. ಇಬ್ಬರಿಗೂ ಗೊತ್ತಿರೋದನ್ನ ಒಬ್ಬರು ಇನ್ನೊಬ್ಬರಿಗೆ ವಿವರಿಸ್ತಿದ್ದಾರೆ ಅಂದ್ರೆ ಅದು ಓದುಗರಿಗೆ ನಡೀತಿರೋ ಲೆಕ್ಚರ್.

ಹಾಗಾದ್ರೆ ಸಂಶೋಧನೆ ಎಲ್ಲಿಗೆ ಹೋಗಬೇಕು? ಪಾತ್ರದ ಕಷ್ಟದೊಳಕ್ಕೆ. ಆಗ ಬೆಂಕಿಕಡ್ಡಿ ಇರಲಿಲ್ಲ, ಅದು 19ನೇ ಶತಮಾನದ್ದು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು ಬೆಳಗ್ಗೆ ಊದಿ ಎಬ್ಬಿಸ್ತಿದ್ರು. ಕೆಂಡ ಸತ್ತಿದ್ರೆ?

ಅವಳು ಬೂದಿ ಕೆದಕಿದಳು. ಒಂದು ಕಿಡಿಯೂ ಇಲ್ಲ.

"ಕೋಳಿ ಕೂಗೋ ಹೊತ್ತಾಯ್ತು ಕಣೇ."

"ಪಕ್ಕದ ಮನೇಲಿ ಕೆಂಡ ಕೇಳ್ಬೇಕು."

"ಅಮಾಸೆ ದಿನ ಅಷ್ಟು ಜಗಳ ಆಡಿದ್ದೆ."

ಅವಳು ಮಾತಾಡದೆ ಮಡಕೆ ಚೂರು ತಗೊಂಡು ಎದ್ದಳು.

ಕಡ್ಡಿಪೆಟ್ಟಿಗೆ ಇಲ್ಲ ಅಂತ ಎಲ್ಲೂ ಹೇಳಿಲ್ಲ. ಆದ್ರೆ ಅದು ಇದ್ದಿದ್ರೆ ಅವಳು ಜಗಳ ನುಂಗಿಕೊಂಡು ಆ ಬಾಗಿಲು ತಟ್ಟಬೇಕಿರಲಿಲ್ಲ. ಒಂದು ವಿವರ ಉಳೀಬೇಕಾ ಬೇಡ್ವಾ ಅನ್ನೋಕೆ ನಾನು ನೋಡೋದು ಇದನ್ನೇ: ಅದನ್ನ ತೆಗೆದ್ರೆ ಯಾರದಾದ್ರೂ ನಡೆ ಬದಲಾಗುತ್ತಾ? ಕಂಚಿನ ತಂಬಿಗೆಯ ಕೆತ್ತನೆ ಬಗ್ಗೆ ನಾಲ್ಕು ಸಾಲು ಬರೆದಿದ್ದು ಈ ಪರೀಕ್ಷೇಲಿ ಉಳಿಯಲ್ಲ. ಅವಳು ಆ ತಂಬಿಗೆ ಅಡವಿಡೋಕೆ ಹೊರಟ್ರೆ ಒಂದು ಸಾಲು ಉಳಿಯುತ್ತೆ.

ಮಾತಿನದು ಬೇರೆ ಲೆಕ್ಕ. ಆ ಕಾಲದ ನಡುಗನ್ನಡವನ್ನೇ ಬರೆದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಎರಡನೇ ಪುಟಕ್ಕೆ ಬರಲ್ಲ. "ಎಲೈ", "ಕಾಂತೆ" ಸೇರಿಸಿದ್ರೆ ಕಂಪನಿ ನಾಟಕ ಆಗುತ್ತೆ. ಇಲ್ಲಿ ಸೇರಿಸೋದಕ್ಕಿಂತ ಕಳೆಯೋದೇ ಹೆಚ್ಚು ಕೆಲಸ ಮಾಡುತ್ತೆ. ಇಂದಿನ ಸರಳ ಆಡುಮಾತು ಇರಲಿ, ಅದರಿಂದ ಹೊಸ ಕಾಲದ ಪದ ಆಯ್ದು ತೆಗೀರಿ. "ಚಾವಿ" ಪೋರ್ಚುಗೀಸ್ ಮೂಲದ್ದು, "ಬೀಗದ ಕೈ" ಸಾಕು. "ನಿಮಿಷ" ಹಳೇ ಸಂಸ್ಕೃತ ಪದವೇ, ಆದ್ರೆ ಆಗ ಅದಕ್ಕೆ ರೆಪ್ಪೆ ಬಡಿಯೋಷ್ಟು ಹೊತ್ತು ಅಂತ ಅರ್ಥ. ಹಾಗಾಗಿ "ಐದು ನಿಮಿಷ" ಬೇಡ, "ಅನ್ನ ಬೇಯೋಷ್ಟು ಹೊತ್ತು" ಅನ್ನಲಿ. ಅನುಮಾನ ಬಂದ್ರೆ ಕಿಟೆಲ್ ನಿಘಂಟು ನೋಡಿ. ಪದ ಯಾವ ಭಾಷೆಯಿಂದ ಬಂತು ಅಂತ ಅಲ್ಲಿ ಸಿಗುತ್ತೆ. ಯಾವಾಗ ಬಂತು ಅಂತ ತಿಳಿಯೋಕೆ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿರೋ ಹಳೆಯ ಕೃತಿಗಳ ಉದಾಹರಣೆ ನೋಡಬೇಕು.

ಇಷ್ಟೆಲ್ಲ ಕಟ್ಟುನಿಟ್ಟು ಸಂಭಾಷಣೆಗೆ ಮಾತ್ರ. ಕಥೆ ಹೇಳೋ ದನಿ ನಮ್ಮ ಕಾಲದ್ದು. ಅದು "ಯುದ್ಧಕ್ಕೆ ತಯಾರಿ" ಅಂದ್ರೆ, "ತಯಾರಿ" ಪಾರ್ಸಿಯಿಂದ ಬಂದದ್ದಾದ್ರೂ, ಯಾರ ಕಿವಿಗೂ ಚುಚ್ಚಲ್ಲ.